ಅಪ್ಪನ ಅರವತ್ತಕ್ಕೆ ಮಗನ ಐದು ನಿಮಿಷದ ಮಾತು: ಬಸ್ ಡ್ರೈವರ್ ತಂದೆಗಾಗಿ ಭಾಷಣ ಕಟ್ಟುವ ಬಗೆ

ನಮ್ಮ ಕಡೆ ಅರವತ್ತರ ಕಾರ್ಯಕ್ರಮದಲ್ಲಿ ಪೂಜೆ ಮುಗಿದು, ಆರತಿ ಆಗಿ, ಶಾಲು-ಹಾರದ ಸನ್ಮಾನ ನಡೆದ ಮೇಲೆ ಯಾರಾದರೂ ಹಿರಿಯರು ಮೈಕನ್ನು ಮಗನ ಕೈಗೆ ಕೊಟ್ಟು "ನೀನೂ ಎರಡು ಮಾತಾಡಪಾ" ಅನ್ನುತ್ತಾರೆ. ಮಗ "ನಮ್ಮ ತಂದೆಯವರು ಬಹಳ ಕಷ್ಟಪಟ್ಟು ನಮ್ಮನ್ನು ಸಾಕಿ ಸಲಹಿದ್ದಾರೆ" ಎಂದು ಹೇಳಿ, ಗಂಟಲು ಕಟ್ಟಿ, ಮೈಕು ವಾಪಸ್ ಕೊಡುತ್ತಾನೆ. ಆ ಮಾತು ಸುಳ್ಳಲ್ಲ. ಆದರೆ ಅದನ್ನು ಪಕ್ಕದ ಮನೆಯ ಅಪ್ಪನಿಗೂ ಹೇಳಬಹುದು. ನಿಮ್ಮ ಅಪ್ಪನಿಗೆ ಮಾತ್ರ ಹೊಂದುವ ಮಾತು ಸಿಗಬೇಕಾದರೆ ಅವರ ಕೆಲಸದ ಒಳಕ್ಕೆ ಇಳಿಯಬೇಕು. ಅದಕ್ಕೆ ಹದಿನೈದು ದಿನ ಮೊದಲೇ ಶುರು ಮಾಡಬೇಕು.

ಇಲ್ಲಿ ಒಂದೇ ಉದಾಹರಣೆ ಇಟ್ಟುಕೊಂಡು ಪೂರ್ತಿ ಕಟ್ಟಿ ತೋರಿಸಿದ್ದೇವೆ. ಅಪ್ಪ ಗಂಗಾವತಿಯಲ್ಲಿ ಸರ್ಕಾರಿ ಬಸ್ ಡ್ರೈವರ್. 1966ರಲ್ಲಿ ಹುಟ್ಟಿದವರು, 1994ರಲ್ಲಿ ಕೆಲಸಕ್ಕೆ ಸೇರಿದವರು, 2026ಕ್ಕೆ ಅರವತ್ತು ತುಂಬಿದವರು. ಹೆಚ್ಚು ವರ್ಷ ಓಡಿಸಿದ್ದು ಕಾರಟಗಿ ಮೇಲಿಂದ ಸಿಂಧನೂರಿನ ರೂಟು. ನಿಮ್ಮ ತಂದೆ ರೈಸ್ ಮಿಲ್ಲಿನಲ್ಲಿ ಹಮಾಲಿ ಇರಬಹುದು, ಹಟ್ಟಿ ಚಿನ್ನದ ಗಣಿಯಲ್ಲಿ ಇಳಿದವರಿರಬಹುದು, ಶಕ್ತಿನಗರದಲ್ಲಿ ಮೂರು ಪಾಳಿ ಮಾಡಿದವರಿರಬಹುದು. ಹುಡುಕುವ ದಾರಿ ಒಂದೇ, ಸಿಗುವ ಸಾಮಗ್ರಿ ಬೇರೆ.

ಅಳತೆ ಮತ್ತು ಹೊತ್ತು

ಐದು ನಿಮಿಷ ಸಾಕು. ಕನ್ನಡದಲ್ಲಿ ನಿಧಾನವಾಗಿ, ಜನ ನಗಲು ಜಾಗ ಬಿಟ್ಟು ಮಾತಾಡಿದರೆ ನಿಮಿಷಕ್ಕೆ 80ರಿಂದ 90 ಪದ ಹೋಗುತ್ತವೆ. ಅಂದರೆ ಬರಹ 400 ಪದ ದಾಟಬಾರದು. ಮನೆಯಲ್ಲಿ ಒಬ್ಬರೇ ಓದಿದರೆ ಅದೇ ಬರಹ ಮೂರೂವರೆ ನಿಮಿಷಕ್ಕೆ ಮುಗಿಯುತ್ತದೆ. ಅದನ್ನು ನೋಡಿ ಇನ್ನಷ್ಟು ಸೇರಿಸಲು ಹೋಗಬೇಡಿ, ಉಳಿದ ಹೊತ್ತು ಜನರ ನಗುವಿನದು.

ಮಾತಿನ ಸರದಿ ಸನ್ಮಾನ ಆದ ಮೇಲೆ, ಊಟಕ್ಕೆ ಮೊದಲು ಬರಲಿ. ಹನ್ನೆರಡೂವರೆ ಒಳಗೆ ಮುಗಿಯುವಂತೆ ಕಾರ್ಯಕ್ರಮ ನಡೆಸುವವರಿಗೆ ಮೊದಲೇ ಹೇಳಿಡಿ. ಒಂದು ಗಂಟೆ ದಾಟಿ, ಎಣ್ಣೆಗಾಯಿ ಘಮ ಹಾಲಿನೊಳಗೆ ಬಂದ ಮೇಲೆ ಎಂಥ ಮಾತೂ ನಿಲ್ಲುವುದಿಲ್ಲ. ಊಟದ ನಂತರ ಅಂತೂ ಬೇಡವೇ ಬೇಡ. ಡಿಪೋದಿಂದ ಬಂದವರಲ್ಲಿ ಅರ್ಧ ಜನ ಸೆಕೆಂಡ್ ಶಿಫ್ಟಿಗೆ ಹೋಗಿರುತ್ತಾರೆ.

ಇನ್ನೊಂದು ವಿಷಯ. ಸರ್ಕಾರಿ ನೌಕರಿಯವರಿಗೆ ಅರವತ್ತು ಅಂದರೆ ನಿವೃತ್ತಿಯೂ ಹೌದು. ಡಿಪೋದಲ್ಲಿ ಬೀಳ್ಕೊಡುಗೆ ಬೇರೆ ಇರುತ್ತದೆ, ಅಲ್ಲಿ ಸೇವೆಯ ವಿವರವನ್ನು ಮೇಲಿನವರು ಓದುತ್ತಾರೆ. ಸೇರಿದ ತಾರೀಖು, ಪ್ರಮೋಷನ್, ಪ್ರಶಸ್ತಿಗಳ ಪಟ್ಟಿಯನ್ನು ಮಗ ಮತ್ತೆ ಓದಬೇಕಿಲ್ಲ. ಮನೆಯವರಿಗೆ ಮಾತ್ರ ಕಂಡ ದುಡಿಮೆಯನ್ನು ಹೇಳುವುದು ಮಗನ ಪಾಲು.

ಸಾಮಗ್ರಿ ಕೂಡಿಸುವುದು

ಅಪ್ಪನನ್ನೇ ಕೇಳಿದರೆ "ಏನೈತಿ ಬಿಡು, ಬಸ್ ಓಡಿಸಿದೆ" ಅನ್ನುತ್ತಾರೆ. ಅವರನ್ನು ಕೊನೆಗೆ ಕೇಳಿ. ಮೊದಲು ಅವ್ವನ ಹತ್ತಿರ ಕೂಡಿರಿ, ಆಮೇಲೆ ಅಪ್ಪನ ಜೊತೆ ಬಹಳ ವರ್ಷ ಡ್ಯೂಟಿ ಮಾಡಿದ ಕಂಡಕ್ಟರ್ ಕಾಕಾನ ಮನೆಗೆ ಹೋಗಿ, ಸಾಧ್ಯವಾದರೆ ಡಿಪೋದ ಒಬ್ಬ ಮೆಕ್ಯಾನಿಕ್ ಹತ್ತಿರವೂ ಹದಿನೈದು ನಿಮಿಷ ಮಾತಾಡಿ.

ಕೇಳುವ ಪ್ರಶ್ನೆಯಲ್ಲೇ ಎಲ್ಲ ಇದೆ. "ನಮ್ಮಪ್ಪ ಹೆಂಗಿದ್ರು ಕಾಕಾ?" ಅಂದರೆ "ಬಂಗಾರದಂಥ ಮನುಷ್ಯ" ಅನ್ನುವ ಉತ್ತರ ಬರುತ್ತದೆ, ಅದರಿಂದ ಭಾಷಣ ಆಗುವುದಿಲ್ಲ. ಉತ್ತರದಲ್ಲಿ ಹೊತ್ತು, ಜಾಗ, ವಸ್ತು ಬರುವಂತೆ ಕೇಳಿ. ಬೆಳಗಿನ ಮೊದಲ ಟ್ರಿಪ್ ಎಷ್ಟಕ್ಕೆ ಬಿಡುತ್ತಿತ್ತು? ನೈಟ್ ಹಾಲ್ಟ್ ಊರಲ್ಲಿ ಎಲ್ಲಿ ಮಲಗುತ್ತಿದ್ದಿರಿ, ರೊಟ್ಟಿ ಯಾರು ಕೊಡುತ್ತಿದ್ದರು? ಬೇಸಿಗೆಯಲ್ಲಿ ಎಂಜಿನ್ ಕಾವಿಗೆ ಅಪ್ಪ ಏನು ಮಾಡುತ್ತಿದ್ದರು? ಯಾವ ಊರಿನ ಸ್ಟಾಪಿನಲ್ಲಿ ಯಾರಿಗಾಗಿ ಎರಡು ನಿಮಿಷ ಹೆಚ್ಚು ನಿಲ್ಲಿಸುತ್ತಿದ್ದರು? ಅವ್ವನಿಗೆ ಕೇಳಬೇಕಾದ್ದು ಇನ್ನೂ ಸಣ್ಣದು: ಡಬ್ಬಿಯಲ್ಲಿ ಎಷ್ಟು ರೊಟ್ಟಿ ಇಡುತ್ತಿದ್ದೆ, ಎಷ್ಟಕ್ಕೆ ಏಳುತ್ತಿದ್ದೆ?

ಆಮೇಲೆ ಅಪ್ಪನ ಮೈಯನ್ನೇ ಗಮನಿಸಿ. ದುಡಿಮೆ ಮೈಮೇಲೆ ಗುರುತು ಬಿಟ್ಟಿರುತ್ತದೆ. ನಮ್ಮಲ್ಲಿ ಬಸ್ಸಿನ ಸ್ಟಿಯರಿಂಗ್ ಬಲಕ್ಕಿದೆ, ಡ್ರೈವರನ ಬಲ ಮೊಣಕೈ ದಿನವಿಡೀ ಕಿಟಕಿಯ ಬಿಸಿಲಿಗೆ ಒಡ್ಡಿಕೊಂಡಿರುತ್ತದೆ. ರಾಯಚೂರು ಸೀಮೆಯ ಏಪ್ರಿಲ್, ಮೇ ಬಿಸಿಲೆಂದರೆ 40 ಡಿಗ್ರಿ ದಾಟುವ ಬಿಸಿಲು. ಮೂವತ್ತು ವರ್ಷ ಓಡಿಸಿದವರ ಎರಡೂ ಕೈ ಜೋಡಿಸಿ ನೋಡಿ: ಬಲಗೈ ಒಂದು ಬಣ್ಣ, ಎಡಗೈ ಇನ್ನೊಂದು. ಎಂಜಿನ್ ಮುಂದಿದ್ದ ಹಳೆ ಬಸ್ಸುಗಳಲ್ಲಿ ಬಾನೆಟ್ಟು ಡ್ರೈವರನ ಎಡಕ್ಕೆ ಇರುತ್ತಿತ್ತು, ಅದರ ಕಾವೆಲ್ಲ ಎಡಗಾಲಿಗೆ. ಇಂಥ ಒಂದು ಗುರುತು ಸಿಕ್ಕರೆ ಭಾಷಣದ ನಡುಗಂಬ ಸಿಕ್ಕಂತೆ. ಹಮಾಲಿಯವರಿಗೆ ಅದು ಹೆಗಲಿನಲ್ಲಿ ಸಿಗುತ್ತದೆ, ಗಣಿಯವರಿಗೆ ಬಹಳ ಸಲ ಕಿವಿಯಲ್ಲಿ.

ಒಂದೇ ಒಂದು ಲೆಕ್ಕ

ಬದುಕಿನ ದುಡಿಮೆಯನ್ನು ಒಂದು ಅಂಕಿಯಲ್ಲಿ ಹೇಳಿದರೆ ಜನ ಕಿವಿಗೊಡುತ್ತಾರೆ. ಆದರೆ ಒಂದೇ ಇರಲಿ. ಗಂಗಾವತಿಯಿಂದ ಸಿಂಧನೂರಿಗೆ ಸುಮಾರು 50 ಕಿಲೋಮೀಟರ್, ದಿನಕ್ಕೆ ಎರಡು ಸಲ ಹೋಗಿಬಂದರೆ 200. ವಾರದ ರಜೆ, ಹಬ್ಬ, ಸಿಕ್ ಲೀವ್ ಎಲ್ಲ ಕಳೆದು ವರ್ಷಕ್ಕೆ 280 ದಿನ ಹಿಡಿಯಿರಿ. 1994ರಿಂದ 2026ಕ್ಕೆ 32 ವರ್ಷ. ಗುಣಿಸಿದರೆ 17,92,000 ಕಿಲೋಮೀಟರ್.

ಈ ಅಂಕಿಯನ್ನು ಹಾಗೇ ಹೇಳಿದರೆ ಯಾರ ತಲೆಯಲ್ಲೂ ಕೂರುವುದಿಲ್ಲ. ಅದರ ಪಕ್ಕ ಇನ್ನೊಂದು ಅಳತೆ ಬೇಕು. ಭೂಮಿಯಿಂದ ಚಂದ್ರನಿಗೆ ಸರಾಸರಿ 3,84,400 ಕಿಲೋಮೀಟರ್, ಹೋಗಿ ಬಂದರೆ 7,68,800, ಎರಡು ಸಲ ಹೋಗಿ ಬಂದರೆ 15,37,600. ಅಪ್ಪನ ಲೆಕ್ಕ ಅದನ್ನೂ ದಾಟುತ್ತದೆ. ನಗು ಹುಟ್ಟುವುದು ಇಲ್ಲೇ: ಚಂದ್ರನಿಗೆ ಎರಡು ಸಲ ಹೋಗಿ ಬರುವಷ್ಟು ಓಡಿಸಿದ ಮನುಷ್ಯ ಹೋದದ್ದು ಸಿಂಧನೂರಿಗೆ. ಹೇಳುವಾಗ "ಹದಿನೇಳು ಲಕ್ಷದ ಮ್ಯಾಲ" ಅನ್ನಿ, ತೊಂಬತ್ತೆರಡು ಸಾವಿರ ಬೇಡ. ಲೆಕ್ಕವನ್ನು ಯಾವಾಗಲೂ ಕೆಳಕ್ಕೆ ಇಳಿಸಿಯೇ ಹೇಳಬೇಕು, ಯಾಕಂದರೆ ಮುಂದಿನ ಸಾಲಿನಲ್ಲಿ ಕೂತಿರುವುದು ಅದೇ ರೂಟಿನಲ್ಲಿ ಓಡಿಸಿದ ಡ್ರೈವರುಗಳು. ಅವರಲ್ಲಿ ಒಬ್ಬರು "ಅಷ್ಟೆಲ್ಲಿ ಆಗ್ತೈತೋ" ಅಂದರೆ ಇಡೀ ಮಾತು ಹಗುರಾಗುತ್ತದೆ. ಅಪ್ಪ ನಡುವೆ ಎರಡು ವರ್ಷ ಟೌನ್ ಸರ್ವಿಸಿನಲ್ಲಿ ಇದ್ದಿದ್ದರೆ ಆ ವರ್ಷಗಳನ್ನು ಕಳೆದೇ ಗುಣಿಸಿ.

ನಗಿಸುವುದು ಯಾವುದನ್ನು, ಬಿಡುವುದು ಯಾವುದನ್ನು

ಕೆಲಸದಿಂದ ಮನೆಗೆ ಬಂದ ಅಭ್ಯಾಸಗಳೇ ಒಳ್ಳೆಯ ಹಾಸ್ಯ. ಬೇರೆಯವರು ಕಾರು ಓಡಿಸುವಾಗ ಅಪ್ಪ ಮುಂದಿನ ಸೀಟಿನಲ್ಲಿ ಕೂತರೆ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿರುತ್ತದೆ. ಇದು ಹಾಲಿನಲ್ಲಿರುವ ಎಲ್ಲ ಡ್ರೈವರುಗಳ ಕಥೆ, ಅಪ್ಪನೂ ನಗುತ್ತಾರೆ, ಅವರ ಜಾಗರೂಕತೆಯೂ ಅದರೊಳಗೇ ಇದೆ. ನಕ್ಕ ಮೇಲೆ ಗೌರವ ಒಂದು ಗುಂಜಿ ಹೆಚ್ಚಾಗಿರಬೇಕು, ಅದೇ ಒರೆಗಲ್ಲು.

ಬಿಡಬೇಕಾದವು ಕೆಲವಿವೆ. ಆಕ್ಸಿಡೆಂಟು, ಸಸ್ಪೆಂಡು, ಮೆಮೊ ಸಿಕ್ಕಿದ್ದು, ಸಾಲ, ಕುಡಿತ, ಶುಗರ್, ಬಿಪಿ ಯಾವುದೂ ಬೇಡ. ಬಸ್ಸಿನ ವಿಷಯದಲ್ಲಿ ಆಕ್ಸಿಡೆಂಟಿನ ಮಾತಂತೂ ತಮಾಷೆಗೂ ಬೇಡ. ಅಪ್ಪನ ಕೈಯಲ್ಲಿ ಆಗಿರದಿದ್ದರೂ ಎದುರು ಕೂತವರಲ್ಲಿ ಒಬ್ಬರ ಕೈಯಲ್ಲಿ ಆಗಿರಬಹುದು. ಇನ್ನೊಂದು, ಹುಟ್ಟಿದ ತಾರೀಖು. ಆ ಕಾಲದ ಬಹಳ ಮಂದಿಗೆ ಶಾಲೆಯ ರಿಜಿಸ್ಟರಿನಲ್ಲಿ ಮಾಸ್ತರು ಬರೆದ ಜೂನ್ 1 ಒಂದು, ಅಜ್ಜಿ ಹೇಳುವ ಹುಣ್ಣಿಮೆ ಒಂದು. ನಗಲು ಬಹಳ ಚೆನ್ನಾಗಿದೆ, ಆದರೆ ನಿವೃತ್ತಿಯ ಕಾಗದಪತ್ರ ಓಡಾಡುತ್ತಿರುವ ತಿಂಗಳಲ್ಲಿ ಡಿಪೋದವರ ಎದುರು ಮೈಕಿನಲ್ಲಿ ಆ ಮಾತು ಎತ್ತಬಾರದು. ಮನೆಯವರಷ್ಟೇ ಇರುವ ಹೊತ್ತಿಗೆ ಇಟ್ಟುಕೊಳ್ಳಿ.

ಅನುಮಾನ ಇದ್ದ ಹಾಸ್ಯವನ್ನು ಅವ್ವನಿಗೂ ಕಂಡಕ್ಟರ್ ಕಾಕಾನಿಗೂ ಮೊದಲೇ ಹೇಳಿ ನೋಡಿ. ಅವ್ವ ನಕ್ಕು ಆಮೇಲೆ "ಅದು ಬ್ಯಾಡೋ" ಅಂದರೆ ತೆಗೆದುಬಿಡಿ, ಕಾರಣ ಕೇಳಬೇಡಿ.

ಕ್ರಮವೂ ಮುಖ್ಯ. ನಗು ಮೊದಲು, ಮನಸ್ಸು ಮುಟ್ಟುವ ಮಾತು ಆಮೇಲೆ, ಕೊನೆಗೆ ಮತ್ತೆ ಒಂದು ಸಣ್ಣ ನಗು. ತಿರುಗಿಸಿದರೆ ಕೆಡುತ್ತದೆ. ಜನ ಒಮ್ಮೆ ಕಣ್ಣೊರೆಸಿಕೊಂಡ ಮೇಲೆ ಚಂದ್ರನ ಲೆಕ್ಕ ಹೇಳಿದರೆ ನಗಬಹುದೋ ಬಾರದೋ ಎಂದು ಮುಖ ಮುಖ ನೋಡುತ್ತಾರೆ.

ಭಾಷೆ

"ಪೂಜ್ಯ ತೀರ್ಥರೂಪರಾದ" ಎಂದು ಶುರು ಮಾಡಿದರೆ ಲಗ್ನಪತ್ರಿಕೆ ಓದಿದಂತಾಗುತ್ತದೆ. ಮನೆಯ ಮಾತಿನಲ್ಲೇ ಬರೆಯಿರಿ, ಬರೆಯುವಾಗಲೇ "ಐತಿ", "ಹೋಗ್ಯಾರ", "ಮ್ಯಾಲ" ಅಂತಲೇ ಬರೆಯಿರಿ. ಪುಸ್ತಕದ ಕನ್ನಡದಲ್ಲಿ ಬರೆದು ವೇದಿಕೆ ಮೇಲೆ ಆಡುಮಾತಿಗೆ ತಿರುಗಿಸುತ್ತೇನೆ ಅಂದುಕೊಂಡವರು ನಡುವೆ ಸಿಕ್ಕಿಹಾಕಿಕೊಳ್ಳುತ್ತಾರೆ. ಅಪ್ಪನಿಗೆ ಮನೆಯಲ್ಲಿ "ನೀ" ಅನ್ನುವವರು ಬಹಳ. ಅವರಿಗಿಂತ ಹಿರಿಯರೂ ಡಿಪೋದವರೂ ಇರುವ ಸಭೆಯಲ್ಲಿ ಹೆಚ್ಚಿನ ಮಾತು "ನಮ್ಮಪ್ಪ, ಅವರು" ಎಂದೇ ಸಭೆಗೆ ಹೇಳಿ. ಕೊನೆಯ ಒಂದು ಮಾತನ್ನು ಮಾತ್ರ ಅವರ ಕಡೆ ತಿರುಗಿ, ಮನೆಯಲ್ಲಿ ಹೇಗೆ ಕರೆಯುತ್ತೀರೋ ಹಾಗೇ ಕರೆದು ಹೇಳಿ.

ಕಟ್ಟಿದ ಭಾಷಣ

"ಎಲ್ಲಾರಿಗೂ ನಮಸ್ಕಾರ್ರಿ. ಊಟ ರೆಡಿ ಐತಿ ಅಂತ ನನಗೂ ಗೊತ್ತೈತಿ. ನಮ್ಮಪ್ಪ ಬಸ್ ಬಿಡೋದು ಒಂದು ನಿಮಿಷ ಲೇಟ್ ಮಾಡಿದವರಲ್ಲ, ಅವರ ಮಗಾ ನಿಮ್ಮ ಊಟ ಲೇಟ್ ಮಾಡಂಗಿಲ್ಲ.

ನಾನೂ ನಮ್ಮ ತಂಗಿ ಕೂಡಿ ಒಂದು ಲೆಕ್ಕ ಹಾಕಿದ್ವಿ. ದಿನಕ್ಕ ಇನ್ನೂರು ಕಿಲೋಮೀಟರ್, ವರ್ಷಕ್ಕ ಇನ್ನೂರ ಎಂಬತ್ತು ದಿನ, ಮೂವತ್ತೆರಡು ವರ್ಷ. ಹದಿನೇಳು ಲಕ್ಷದ ಮ್ಯಾಲ ಆತು. ಇಷ್ಟರಾಗ ಚಂದ್ರಲೋಕಕ್ಕ ಎರಡು ಸಲ ಹೋಗಿ ಬರಬಹುದಿತ್ತು. ನಮ್ಮಪ್ಪ ಹೋಗಿದ್ದು... ಸಿಂಧನೂರಿಗೆ.

ಅಪ್ಪ ಕೆಲಸಕ್ಕ ಸೇರಿದಾಗ ನಮ್ಮೂರು ರಾಯಚೂರು ಜಿಲ್ಲಾದಾಗ ಇತ್ತು. ತೊಂಬತ್ತೇಳರಾಗ ಕೊಪ್ಪಳ ಜಿಲ್ಲಾ ಆತು. ಬಸ್ಸಿನ ಮ್ಯಾಲಿನ ಹೆಸರು ಎರಡು ಸಾವಿರದಾಗ ಈಶಾನ್ಯ ಕರ್ನಾಟಕ ಆತು, ಇಪ್ಪತ್ತೊಂದರಾಗ ಕಲ್ಯಾಣ ಕರ್ನಾಟಕ ಆತು. ಜಿಲ್ಲಾ ಬದಲಾತು, ಬಸ್ಸಿನ ಹೆಸರು ಎರಡು ಸಲ ಬದಲಾತು. ಬದಲಾಗದೇ ಇದ್ದದ್ದು ಅಪ್ಪನ ಟಿಫನ್ ಡಬ್ಬಿ ಒಂದೇ.

ಈಗ ನಾ ಕಾರು ಓಡಸ್ತೀನಿ, ಅಪ್ಪ ಬಾಜೂ ಕೂಡ್ತಾರ. ಅಲ್ಲಿ ಬ್ರೇಕ್ ಇಲ್ಲ, ಆದ್ರೂ ಅವರ ಬಲಗಾಲು ಒತ್ತಾಕತ್ತಿರ್ತೈತಿ. ನಾ ಕಾಲೇಜು ಬಿಡ್ತೀನಿ ಅಂದಾಗೂ ಹಿಂಗ ಒಂದು ಬ್ರೇಕ್ ಹಾಕಿದ್ರು. ಆವತ್ತು ಸಿಟ್ಟು ಬಂದಿತ್ತು. ಆ ಬ್ರೇಕ್ ಹಾಕಿದ್ದಕ್ಕ ಇವತ್ತು ನೌಕರಿ ಮಾಡಾಕತ್ತೀನಿ.

ಸಣ್ಣಾಂವಿದ್ದಾಗ ನಾ ತಿಳ್ಕೊಂಡಿದ್ದೆ, ಎಲ್ಲಾರ ಅಪ್ಪಂದಿರಿಗೂ ಬಲಗೈ ಕರ್ರಗ, ಎಡಗೈ ಬ್ಯಾರೆ ಬಣ್ಣ ಇರ್ತೈತಿ ಅಂತ. ದೊಡ್ಡಾಂವ ಆದ ಮ್ಯಾಲ ತಿಳೀತು, ಅದು ಕಿಟಕಿ ಕಡಿ ಕೈ. ನಮ್ಮ ಫೀಸು, ತಂಗಿ ಲಗ್ನ, ಈ ಮನಿ, ಎಲ್ಲಾ ಆ ಕೈಯಿಂದ ಬಂದಾವ.

ಅಪ್ಪಗ ನಸುಕಿನ್ಯಾಗ ನಾಕಕ್ಕ ಡ್ಯೂಟಿ ಇದ್ರ, ನಮ್ಮವ್ವ ಮೂರಕ್ಕ ಎದ್ದು ರೊಟ್ಟಿ ಬಡೀತಿದ್ಲು. ಅಕಿ ಡ್ಯೂಟಿ ಯಾವ ಡಿಪೋದ ಪುಸ್ತಕದಾಗೂ ಬರದಿಲ್ಲ, ಅದಕ್ಕ ನಾ ಇಲ್ಲಿ ಹೇಳಾಕತ್ತೀನಿ.

ಯಪ್ಪಾ, ಇಷ್ಟು ವರ್ಷ ಕಾಕಾ ಹೇಳಿದ್ರ ನೀ ಬಸ್ ನಿಲ್ಲಸ್ತಿದ್ದಿ, ಕಾಕಾ ಹೇಳಿದ್ರ ಬಿಡ್ತಿದ್ದಿ. ಇವತ್ತೂ ಅವರ ಬಾಯಿಂದನ ಹೇಳಸ್ತೀನಿ."

ಇಲ್ಲಿ ಕಂಡಕ್ಟರ್ ಕಾಕಾ ಕೂತಲ್ಲಿಂದಲೇ ಎದ್ದು ಜೋರಾಗಿ "ಹೋಲ್ಡಾನ್!" ಅನ್ನಬೇಕು. ಮೊಮ್ಮಕ್ಕಳು ಓಡಿ ಬಂದು ಅಜ್ಜನ ಎಡಬಲಕ್ಕೆ ಹತ್ತಿ ನಿಲ್ಲಬೇಕು. ಅವರು ನಿಂತ ಮೇಲೆ ಕಾಕಾ "ರೈಟ್ ರೈಟ್!" ಅನ್ನಬೇಕು. ಹೋಲ್ಡಾನ್ ಒಂದರಲ್ಲೇ ನಿಲ್ಲಿಸಬೇಡಿ. ಅರವತ್ತರ ಕಾರ್ಯದಲ್ಲಿ "ನಿಲ್ಲಿಸು" ಎಂಬ ಮಾತೇ ಕೊನೆಯದಾದರೆ ಹಿರಿಯರ ಕಿವಿಗೆ ಒಳ್ಳೆಯದೆನಿಸುವುದಿಲ್ಲ. ಮೊಮ್ಮಕ್ಕಳು ಹತ್ತಿ, ಬಸ್ಸು ಮತ್ತೆ ಹೊರಟರೆ ಅದು ಶುಭ. ಷಷ್ಟಿಯ ಅರ್ಥವೂ ಅದೇ ತಾನೇ: ಅರವತ್ತು ಸಂವತ್ಸರದ ಸುತ್ತು ಮುಗಿದು, ಹುಟ್ಟಿದ ಸಂವತ್ಸರ ಮತ್ತೆ ಬರುತ್ತದೆ. 1966ರ ಯುಗಾದಿಗೆ ಶುರುವಾದ ಪರಾಭವ ಸಂವತ್ಸರವೇ 2026ರ ಯುಗಾದಿಗೆ ತಿರುಗಿ ಬಂದಿದೆ. ಇದನ್ನು ಭಾಷಣದಲ್ಲಿ ಸೇರಿಸಬೇಡಿ, ಪೂಜೆ ಮಾಡಿಸುವವರು ಹೇಳಿರುತ್ತಾರೆ. "ಪರಾಭವ" ಎಂಬ ಹೆಸರನ್ನು ಬಿಡಿಸಿ ಹೇಳುವ ಕೆಲಸ ಮಗನಿಗೆ ಬೇಡ.

ಮೇಲಿನ ಬರಹ 400 ಪದಕ್ಕಿಂತ ಬಹಳ ಕಡಿಮೆ ಇದೆ. ಕಾಕಾನ ಮನೆಯಲ್ಲಿ ಸಿಕ್ಕ ಒಂದು ಸಂಗತಿಗೆ ಅಷ್ಟು ಜಾಗ ಬಿಟ್ಟಿದೆ. ಅದನ್ನು ಬ್ರೇಕಿನ ಮಾತಿಗೂ ಕೈಯ ಮಾತಿಗೂ ನಡುವೆ ಇಡಿ.

ಅಭ್ಯಾಸ

ಪೂರ್ತಿ ಬಾಯಿಪಾಠ ಮಾಡಬೇಡಿ, ಒಂದು ಪದ ಮರೆತರೆ ಹಿಂದಿನದೆಲ್ಲ ಕಳಚಿಕೊಳ್ಳುತ್ತದೆ. ಅಂಗೈ ಅಗಲದ ರಟ್ಟಿನ ಮೇಲೆ ಏಳು ಪದ ಬರೆದುಕೊಳ್ಳಿ: ಊಟ, ಚಂದ್ರ, ಡಬ್ಬಿ, ಬ್ರೇಕ್, ಕೈ, ಅವ್ವ, ಕಾಕಾ. ಕಾಗದ ಬೇಡ, ಕೈ ನಡುಗಿದರೆ ಅದೂ ನಡುಗಿ ಮೈಕಿನಲ್ಲಿ ಸದ್ದಾಗುತ್ತದೆ. ಫೋನ್ ನೋಡಿ ಓದುವುದೂ ಬೇಡ, ಸರಿಯಾಗಿ ಆ ಹೊತ್ತಿಗೇ ಅಡುಗೆಯವರ ಕರೆ ಬರುತ್ತದೆ.

ಮೊದಲ ಸಾಲು, "ಸಿಂಧನೂರಿಗೆ" ಎಂಬ ಸಾಲು, ಕೈಯ ಸಾಲು, ಇವು ಮೂರು ಮಾತ್ರ ಅಕ್ಷರ ತಪ್ಪದೆ ಬರಬೇಕು. "ಹೋಗಿದ್ದು" ಅಂದ ಮೇಲೆ ಮನಸ್ಸಿನಲ್ಲಿ ಒಂದು, ಎರಡು ಎಣಿಸಿ ಆಮೇಲೆ "ಸಿಂಧನೂರಿಗೆ" ಅನ್ನಿ. ನಿಲ್ಲದೆ ಹೇಳಿದರೆ ನಗು ಹುಟ್ಟುವುದಿಲ್ಲ, ಜನ ಇನ್ನೂ ಚಂದ್ರನ ಲೆಕ್ಕದಲ್ಲೇ ಇರುತ್ತಾರೆ. ನಗು ಬಂದರೆ ಅದು ಇಳಿಯುವ ತನಕ ಸುಮ್ಮನೆ ನಿಲ್ಲಿ. ಕಾಕಾನ ಜೊತೆ ಹೋಲ್ಡಾನ್, ರೈಟ್ ಎರಡನ್ನೂ ಹಿಂದಿನ ದಿನ ಒಮ್ಮೆ ಹೇಳಿಸಿ ನೋಡಿ, ಅಪ್ಪನಿಗೆ ಗೊತ್ತಾಗದಂತೆ.

ಗಂಟಲು ಕಟ್ಟುವುದು ಸಾಮಾನ್ಯವಾಗಿ ಕೈಯ ಮಾತಿನಲ್ಲಲ್ಲ, ಅವ್ವನ ರೊಟ್ಟಿಯ ಮಾತಿನಲ್ಲಿ. ಅಭ್ಯಾಸ ಮಾಡುವಾಗ ಅವ್ವ ಎದುರಿಗೆ ಇರುವುದಿಲ್ಲ, ಸಭೆಯಲ್ಲಿ ಇರುತ್ತಾಳೆ. ಆ ಸಾಲು ಹೇಳುವಾಗ ಅವಳ ಮುಖ ನೋಡದೆ ಹಿಂದಿನ ಗೋಡೆಯ ಕಡೆ ನೋಡಿ. ಆದರೂ ಕಟ್ಟಿದರೆ ಮೈಕನ್ನು ಎದೆಯ ಮಟ್ಟಕ್ಕೆ ಇಳಿಸಿ, ಒಂದು ಗುಟುಕು ನೀರು ಕುಡಿದು, ಅದೇ ಸಾಲನ್ನು ಮತ್ತೆ ಮೊದಲಿಂದ ಹೇಳಿ. "ಕ್ಷಮಿಸಿ, ಮಾತು ಬರವಲ್ದು" ಅನ್ನಬೇಡಿ. ಜನ ಕಾಯುತ್ತಾರೆ.

ಅಪ್ಪ ನಡುವೆ "ಸಾಕು ಬಿಡೋ" ಅನ್ನುವುದು ಬಹುತೇಕ ಖಾತ್ರಿ, ಚಂದ್ರನ ಲೆಕ್ಕ ಮುಗಿದ ಕೂಡಲೇ. "ಇನ್ನೂ ಕಾರಟಗೀನ ದಾಟಿಲ್ಲ ಕೂಡ್ರಪಾ" ಎಂಬ ಉತ್ತರ ಸಿದ್ಧ ಇಟ್ಟುಕೊಳ್ಳಿ.

ಮೈಕು

ಕಾರ್ಯಕ್ರಮದ ಸೌಂಡ್ ಸೆಟ್ಟುಗಳಲ್ಲಿ ಹಾಡಿಗೆಂದು ಎಕೋ ಏರಿಸಿ ಇಟ್ಟಿರುತ್ತಾರೆ. ಹಾಡಿಗೆ ಅದು ಚೆಂದ, ಮಾತಿಗೆ ಕೇಡು: "ಸಿಂಧನೂರಿಗೆ" ಅಂದದ್ದು ನಾಲ್ಕು ಸಲ ತಿರುಗಿ ಬಂದು ನಗು ಸಾಯುತ್ತದೆ. ಬೆಳಿಗ್ಗೆಯೇ ಸೆಟ್ಟಿನ ಹುಡುಗನಿಗೆ "ಮಾತಾಡೋವಾಗ ಎಕೋ ಪೂರ್ತಿ ತೆಗೀಪಾ" ಅಂತ ಹೇಳಿ, ನಿಮ್ಮ ಸರದಿಗೆ ಮುಂಚೆ ಒಮ್ಮೆ ನೆನಪು ಮಾಡಿ. ಮೈಕು ಬಾಯಿಂದ ನಾಲ್ಕು ಬೆರಳು ದೂರ, ಗಲ್ಲದ ಮಟ್ಟದಲ್ಲಿ ಇರಲಿ. ಸೌಂಡ್ ಬಾಕ್ಸಿನ ಮುಂದೆ ನಿಂತರೆ ಕುಂಯ್ ಎಂದು ಕಿರುಚುತ್ತದೆ, ಎರಡು ಹೆಜ್ಜೆ ಬಾಕ್ಸಿನ ಹಿಂದಕ್ಕೆ ಸರಿದರೆ ನಿಲ್ಲುತ್ತದೆ.

ನಿಲ್ಲುವ ಜಾಗ ಅಪ್ಪನ ಬಲಕ್ಕೆ, ಒಂದು ಮಾರು ದೂರದಲ್ಲಿ. ಅಲ್ಲಿಂದ ಸಭೆಯೂ ಕಾಣುತ್ತದೆ, ಕೊನೆಯ ಮಾತಿಗೆ ಅವರ ಕಡೆ ತಿರುಗಲೂ ಸುಲಭ. ಕೈಯ ಮಾತು ಬಂದಾಗ ಅವರ ಕೈ ಹಿಡಿದು ಎತ್ತಿ ತೋರಿಸಬೇಕೆನಿಸುತ್ತದೆ, ತೋರಿಸಬೇಡಿ. ಆ ಮಾತು ಕೇಳಿದ ಕೂಡಲೇ ಡಿಪೋದಿಂದ ಬಂದವರೆಲ್ಲ ತಮ್ಮ ತಮ್ಮ ಕೈ ನೋಡಿಕೊಳ್ಳುತ್ತಾರೆ. ಅವರು ತಲೆ ಎತ್ತುವ ತನಕ ನಿಂತು, ಆಮೇಲೆ ಅವ್ವನ ಮಾತಿಗೆ ಹೋಗಿ.